ಆರ್ಡರ್ ತಡವಾಯಿತು, ಡೆಲಿವರಿ ಶುಲ್ಕವನ್ನೂ ಹಿಡಿದುಕೊಂಡರು: ಕಸ್ಟಮರ್ ಕೇರ್‌ಗೆ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: ಶನಿವಾರ ದಿನಸಿ ಆ್ಯಪ್‌ನಲ್ಲಿ ಸಂಜೆ 6ರಿಂದ 8ರ ಸ್ಲಾಟ್‌ಗೆ ಆರ್ಡರ್ ಹಾಕಿದ್ದೆ. ಮರುದಿನ ಮನೆಗೆ ನೆಂಟರು ಬರುವವರಿದ್ದರು. 499 ರೂಪಾಯಿ ದಾಟಿದರೆ ಡೆಲಿವರಿ ಉಚಿತ ಎಂದಿತ್ತು. ನನ್ನದು 612 ಆಗಿತ್ತು, ಯುಪಿಐನಲ್ಲಿ ಪೂರ್ತಿ ಕಟ್ಟಿದೆ. ಸಾಮಾನು ಬಂದಿದ್ದು ರಾತ್ರಿ 9.35ಕ್ಕೆ. ತೊಗರಿಬೇಳೆ ಬರಲೇ ಇಲ್ಲ. ಕೊನೆಯ ಬಿಲ್ ನೋಡಿದರೆ ಡೆಲಿವರಿ ಶುಲ್ಕ 49 ರೂಪಾಯಿ! ಮೂರು ಮೇಲ್ ಬರೆದೆ. ಮೊದಲು ‘ನಿಮ್ಮ ಆರ್ಡರ್ ಸಮಯಕ್ಕೆ ತಲುಪಿದೆ’ ಎಂದರು. ಆಮೇಲೆ 50 ರೂಪಾಯಿ ಕೂಪನ್ ಕೊಟ್ಟು ಮುಗಿಸಿದರು. ತಡವಾದರೆ ಡೆಲಿವರಿ ಫ್ರೀ ಆಗಬೇಕಲ್ವಾ? ಹೇಗೆ ಬರೆದರೆ ದುಡ್ಡು ವಾಪಸ್ ಬರುತ್ತದೆ? ಗ್ರಾಹಕರ ಕೋರ್ಟಿಗೆ ಹೋಗಲೇ? ನನ್ನ ಮೇಲ್‌ಗಳನ್ನೂ ಬಿಲ್ಲನ್ನೂ ಜೊತೆಗೆ ಕಳಿಸಿದ್ದೇನೆ.
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ದುಡ್ಡು ವಾಪಸ್ ಬರಬೇಕಾದದ್ದೇ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಮೂರು ಮೇಲ್‌ಗಳೂ ಕೆಲಸ ಮಾಡದೆ ಇದ್ದದ್ದು ಅದಕ್ಕೇ.

ನಾನು ಬೆಂಗಳೂರಿನ ಒಂದು ಕಸ್ಟಮರ್ ಕೇರ್ ಕೇಂದ್ರದಲ್ಲಿ ಒಂಬತ್ತು ವರ್ಷ ಇದ್ದವನು. ಕೊನೆಯ ನಾಲ್ಕು ವರ್ಷ ಮೊದಲ ಹಂತದಲ್ಲಿ ಬಗೆಹರಿಯದ ದೂರುಗಳು ಬಂದು ಬೀಳುವ ಮೇಜಿನಲ್ಲಿದ್ದೆ. ಅಲ್ಲಿಗೆ ಬರುತ್ತಿದ್ದ ಪತ್ರಗಳಲ್ಲಿ ನಿಮ್ಮಂಥವು ತುಂಬ ಇರುತ್ತಿದ್ದವು. ಬರೆದವರ ಕಡೆ ನ್ಯಾಯ ಇರುತ್ತಿತ್ತು, ಆದರೆ ಪತ್ರದಲ್ಲಿ ಅದು ಕಾಣುತ್ತಿರಲಿಲ್ಲ.

ಮೊದಲು ನಿಮ್ಮ ಬಿಲ್ ನೋಡೋಣ. ನೀವು ಕಟ್ಟಿದ್ದು 612. ಬಾರದ ತೊಗರಿಬೇಳೆಯ ಬೆಲೆ 168. ಅದನ್ನು ಕಳೆದರೆ ಉಳಿಯುವುದು 444. ಗಮನಿಸಿ, ಅದು 499ಕ್ಕಿಂತ ಕಡಿಮೆ. ಶುಲ್ಕ ಹುಟ್ಟಿದ್ದು ಇಲ್ಲೇ. ಅಂಗಡಿಯಲ್ಲಿ ಸಾಮಾನು ಜೋಡಿಸುವವರಿಗೆ ಬೇಳೆ ಸಿಗಲಿಲ್ಲ. ಅವರು ಅದನ್ನು ‘ಸ್ಟಾಕ್ ಇಲ್ಲ’ ಎಂದು ಗುರುತು ಮಾಡಿದರು. ಆಗ ಗಣಕ ಇಡೀ ಬಿಲ್ಲನ್ನು ಮತ್ತೆ ಲೆಕ್ಕ ಹಾಕಿತು. 444 ಅನ್ನುವುದು ಉಚಿತ ಡೆಲಿವರಿಯ ಮಿತಿಗಿಂತ ಕೆಳಗೆ, ಹಾಗಾಗಿ ತಾನಾಗಿಯೇ 49 ರೂಪಾಯಿ ಸೇರಿಸಿಬಿಟ್ಟಿತು. ಬೇಳೆಯನ್ನು ತೆಗೆದಿದ್ದು ನೀವೋ ಅಂಗಡಿಯವರೋ ಅಂತ ಅದು ನೋಡಲೇ ಇಲ್ಲ. ತಡವಾಗಿದ್ದಕ್ಕೂ ಈ ಶುಲ್ಕಕ್ಕೂ ಸಂಬಂಧವೇ ಇಲ್ಲ. ಸಾಮಾನು ಏಳು ಗಂಟೆಗೇ ಬಂದಿದ್ದರೂ ಈ 49 ಬೀಳುತ್ತಿತ್ತು.

ಇನ್ನೊಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನ್ನಿಸುತ್ತದೆ. ಬಿಲ್ಲಿನ ಎರಡನೇ ಪುಟದಲ್ಲಿ ಡೆಲಿವರಿ ಶುಲ್ಕಕ್ಕೆ ಬೇರೆಯದೇ ತೆರಿಗೆ ಪಟ್ಟಿ ಇದೆ. ಅದರಲ್ಲಿ 4.41 ಅಂತ ಎರಡು ಸಲ ಬರೆದಿದೆ. ಒಂದು ಕೇಂದ್ರದ ಜಿಎಸ್‌ಟಿ, ಇನ್ನೊಂದು ರಾಜ್ಯದ್ದು. ಎರಡೂ ಸೇರಿ ಶುಲ್ಕದ ಮೇಲೆ ಶೇ 18, ಅಂದರೆ 8 ರೂಪಾಯಿ 82 ಪೈಸೆ. ಹಾಗಾಗಿ ನಿಮ್ಮಿಂದ ಹೋಗಿದ್ದು 49 ಅಲ್ಲ, 57.82. ನಿಮ್ಮ ಯುಪಿಐ ಖಾತೆ ತೆಗೆದು ನೋಡಿ. ಬೇಳೆಯ ಬಾಬ್ತು 168 ಬರಬೇಕಿದ್ದ ಜಾಗದಲ್ಲಿ 110.18 ಬಂದಿರುತ್ತದೆ. ಇವರು ಕೈ ಚಾಚಿ ನಿಮ್ಮಿಂದ ಏನೂ ತೆಗೆದುಕೊಂಡಿಲ್ಲ, ಕೊಡಬೇಕಾದದ್ದರಲ್ಲಿ ಮುರಿದುಕೊಂಡಿದ್ದಾರೆ. ಎಷ್ಟೋ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ. ಮೊಬೈಲಿಗೆ ‘ಹಣ ವಾಪಸ್ ಬಂದಿದೆ’ ಎಂಬ ಸಂದೇಶ ಬರುತ್ತದೆ, ಎಷ್ಟು ಅಂತ ಯಾರು ಕೂಡಿ ಕಳೆಯುತ್ತಾರೆ?

ಈಗ ‘ತಡವಾದರೆ ಡೆಲಿವರಿ ಫ್ರೀ’ ಅನ್ನುವ ಮಾತಿಗೆ ಬರೋಣ. ಹಾಗಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಆ್ಯಪ್‌ನವರೇ ಹಾಗೆ ಮಾತು ಕೊಟ್ಟಿದ್ದರೆ ಮಾತ್ರ ಅದು ನಿಮ್ಮ ಹಕ್ಕು. ಕಾನೂನಿನಲ್ಲಿ ಇರುವುದು ಬೇರೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಹೇಳಿದ ಸಮಯಕ್ಕಿಂತ ತಡವಾಗಿ ಬಂದ ಸಾಮಾನನ್ನು ಮಾರಾಟಗಾರರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಎನ್ನುವ ಹಾಗಿಲ್ಲ. ಪ್ರವಾಹದಂಥ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ತಡವಾಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಅಂದರೆ ರಾತ್ರಿ 9.35ಕ್ಕೆ ಬಾಗಿಲಲ್ಲೇ ‘ಬೇಡ, ತಗೊಂಡು ಹೋಗಿ’ ಎಂದಿದ್ದರೆ ಪೂರ್ತಿ ಹಣ ಕೇಳಲು ನಿಮಗೆ ದಾರಿ ಇತ್ತು. ನೀವು ಸಾಮಾನು ಇಟ್ಟುಕೊಂಡಿರಿ, ನೆಂಟರು ಬರುವವರಿದ್ದರು, ಸಹಜವೇ. ಆದರೆ ಇಟ್ಟುಕೊಂಡ ಮೇಲೆ ಬರೀ ‘ತಡ’ ಅನ್ನುವ ಒಂದೇ ಕಾರಣದ ಮೇಲೆ ಶುಲ್ಕ ಕೇಳಿದರೆ, ಕೊಡುವುದೂ ಬಿಡುವುದೂ ಅವರ ಔದಾರ್ಯ ಆಗುತ್ತದೆ. ಕೂಪನ್ ಹುಟ್ಟುವುದು ಆ ಔದಾರ್ಯದ ಖಾತೆಯಿಂದಲೇ.

ಬೇಳೆಯ ದಾರಿ ಹಾಗಲ್ಲ. ನೀವು ದುಡ್ಡು ಕಟ್ಟುವಾಗ ಪರದೆಯ ಮೇಲೆ ಡೆಲಿವರಿ ಶುಲ್ಕ ಸೊನ್ನೆ ಎಂದಿತ್ತು. ಆ ಲೆಕ್ಕಕ್ಕೆ ಒಪ್ಪಿ ನೀವು ಕಟ್ಟಿದಿರಿ. ಆಮೇಲೆ ಅವರ ಕಡೆಯ ಕೊರತೆಯಿಂದ ಒಂದು ಸಾಮಾನು ಹೋಯಿತು, ಅದನ್ನೇ ನೆಪ ಮಾಡಿ ನೀವು ಒಪ್ಪದ ಒಂದು ಶುಲ್ಕ ಸೇರಿಕೊಂಡಿತು. ಡೆಲಿವರಿ ಶುಲ್ಕ ಸೇರಿ ಒಟ್ಟು ಬೆಲೆಯನ್ನು ಬಿಡಿಸಿ ತೋರಿಸಬೇಕು, ಗ್ರಾಹಕರು ಸ್ಪಷ್ಟವಾಗಿ ಒಪ್ಪಿದ್ದನ್ನು ಮಾತ್ರ ಒಪ್ಪಿಗೆ ಎಂದು ದಾಖಲಿಸಬೇಕು ಎಂದು ಅದೇ 2020ರ ನಿಯಮಗಳು ಹೇಳುತ್ತವೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ಗಳ ಬಗ್ಗೆ ಮಾರ್ಗಸೂಚಿ ತಂದಿತು. ಅದರಲ್ಲಿ 13 ಬಗೆಯ ಚಾಲಾಕಿತನಗಳ ಪಟ್ಟಿ ಇದೆ. ಕಟ್ಟುವಾಗ ತೋರಿಸಿದ್ದಕ್ಕಿಂತ ಹೆಚ್ಚು ಹಣ ಹಿಡಿಯುವುದು ಅದರಲ್ಲಿ ‘ಡ್ರಿಪ್ ಪ್ರೈಸಿಂಗ್’ ಅನ್ನುವುದರ ಕೆಳಗೆ ಬರುತ್ತದೆ. ನಿಮ್ಮ ಕೈಯಲ್ಲಿರುವ ಗಟ್ಟಿ ಕಾರಣ ಇದು.

ಅವರ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ‘ಆರ್ಡರ್ ಮೊತ್ತ ಕಡಿಮೆಯಾದರೆ ಶುಲ್ಕವನ್ನು ಮತ್ತೆ ಲೆಕ್ಕ ಹಾಕಲಾಗುತ್ತದೆ’ ಎಂಬ ಒಂದು ಸಾಲು ಷರತ್ತುಗಳ ಪುಟದಲ್ಲಿ ಎಲ್ಲೋ ಇರಬಹುದು. ನೀವೇ ಒಂದು ಐಟಂ ತೆಗೆದುಹಾಕಿ ಮಿತಿಗಿಂತ ಕೆಳಗೆ ಇಳಿದಿದ್ದರೆ ಆ ಸಾಲು ನ್ಯಾಯವೇ. ಇಲ್ಲದಿದ್ದರೆ ಎಲ್ಲರೂ 500ಕ್ಕೆ ಆರ್ಡರ್ ಹಾಕಿ ಆಮೇಲೆ 300ಕ್ಕೆ ಇಳಿಸುತ್ತಾರೆ. ನಿಮ್ಮ ವಿಷಯದಲ್ಲಿ ಹಾಗಾಗಿಲ್ಲ. ಆದ್ದರಿಂದ ಪತ್ರದಲ್ಲಿ ‘ನಾನು ರದ್ದು ಮಾಡಿಲ್ಲ’ ಅನ್ನುವ ಎರಡು ಮೂರು ಪದ ಇರಲೇಬೇಕು. ನಿಮ್ಮ ಮೂರು ಮೇಲ್‌ಗಳಲ್ಲಿ ಅದು ಎಲ್ಲೂ ಇಲ್ಲ.

ಆ ಮೇಲ್‌ಗಳು ಯಾಕೆ ಬಿದ್ದುಹೋದವು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಮೇಲ್ ಎರಡು ಪುಟ ಇದೆ. ನೆಂಟರು, ಡೆಲಿವರಿ ಹುಡುಗನ ಮಾತು, ಹಿಂದಿನ ತಿಂಗಳು ಒಡೆದು ಬಂದ ಮೊಟ್ಟೆ, ಎಲ್ಲ ಇದೆ. ವಿಷಯದ ಸಾಲಿನಲ್ಲಿ ‘ತುಂಬಾ ಕೆಟ್ಟ ಸೇವೆ’ ಎಂದಿದೆ. 49 ರೂಪಾಯಿಯ ಮಾತು ಬರುವುದು ಕೊನೆಯ ಪ್ಯಾರಾದಲ್ಲಿ. ಮೇಲ್ ಬಂದ ತಕ್ಷಣ ಅದನ್ನು ಯಾವುದಾದರೂ ಒಂದು ಖಾನೆಗೆ ಹಾಕುತ್ತಾರೆ: ತಡ, ಸಾಮಾನು ಬಂದಿಲ್ಲ, ಹಣದ ವ್ಯತ್ಯಾಸ, ಸಿಬ್ಬಂದಿ ವರ್ತನೆ, ಹೀಗೆ. ನಿಮ್ಮದು ‘ತಡ’ಕ್ಕೆ ಹೋಯಿತು. ಆ ಖಾನೆಯಲ್ಲಿ ಕೂತವರು ನೋಡುವುದು ಒಂದನ್ನೇ, ಡೆಲಿವರಿ ಆದ ಸಮಯವನ್ನು. ಅವರ ಪರದೆಯ ಮೇಲೆ ಸ್ಲಾಟ್ ಮುಗಿಯುವ ಮುಂಚೆ, 7.56ಕ್ಕೋ 7.58ಕ್ಕೋ ‘ಡೆಲಿವರಿ ಆಗಿದೆ’ ಎಂದು ಬಿದ್ದಿರಬೇಕು. ಇಲ್ಲದಿದ್ದರೆ ‘ಸಮಯಕ್ಕೆ ತಲುಪಿದೆ’ ಎಂಬ ಉತ್ತರ ಬರುತ್ತಿರಲಿಲ್ಲ.

ಹಾಗೆ ಬೀಳುವುದು ಹೇಗೆ? ಸ್ಲಾಟ್ ತಪ್ಪಿದರೆ ಹುಡುಗರ ಇನ್ಸೆಂಟಿವ್ ಹೋಗುತ್ತದೆ, ಅಂಗಡಿಯ ಅಂಕವೂ ಇಳಿಯುತ್ತದೆ. ಅದಕ್ಕೆ ಎಂಟಕ್ಕೆ ಎರಡು ನಿಮಿಷ ಇರುವಾಗ ಒಂದಷ್ಟು ಆರ್ಡರ್‌ಗಳನ್ನು ಒಟ್ಟಿಗೆ ‘ಆಯಿತು’ ಎಂದು ಒತ್ತಿ, ಆಮೇಲೆ ಮನೆಮನೆಗೆ ತಲುಪಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರ ದಿನ ಹೇಗಿರುತ್ತದೆ ಅಂತ ಗೊತ್ತು. ಆದರೆ ದಾಖಲೆ ಸುಳ್ಳಾಗುತ್ತದೆ, ಸುಳ್ಳು ಹೇಳುತ್ತಿರುವವರು ನೀವೇ ಅನ್ನುವ ಹಾಗೆ ಕಾಣುತ್ತದೆ. ನಿಜವಾದ ಸಮಯ ನಿಮ್ಮ ಫೋನಿನಲ್ಲೇ ಇದೆ. ‘ಮೇಡಂ, ಗೇಟ್ ಹತ್ತಿರ ಇದ್ದೀನಿ’ ಎಂದು ಆತ ಕರೆ ಮಾಡಿದ್ದನ್ನು ನೀವೇ ಬರೆದಿದ್ದೀರಿ. ಕರೆಗಳ ಪಟ್ಟಿ ತೆಗೆಯಿರಿ, ಅದರಲ್ಲಿ 9.28 ಅಂತಲೋ 9.30 ಅಂತಲೋ ಇರುತ್ತದೆ. ಅಪಾರ್ಟ್‌ಮೆಂಟ್ ಆದರೆ ಸೆಕ್ಯೂರಿಟಿಯವರ ರಿಜಿಸ್ಟರ್ ಇದೆ, ಅದರ ಫೋಟೊ ತೆಗೆಯಬಹುದು. ಬೇರೆ ಮನೆಯವರ ಹೆಸರು, ನಂಬರು ಕಾಣುವ ಹಾಗಿದ್ದರೆ ಮುಚ್ಚಿ ತೆಗೆಯಿರಿ.

ಎರಡನೇ, ಮೂರನೇ ಮೇಲ್‌ಗಳಲ್ಲಿ ಇನ್ನೊಂದು ತಪ್ಪಾಗಿದೆ. ಎರಡನ್ನೂ ಹೊಸದಾಗಿ ಬರೆದಿದ್ದೀರಿ, ಹಳೆಯ ಮೇಲ್‌ಗೆ ಉತ್ತರವಾಗಿ ಅಲ್ಲ. ಹಾಗೆ ಮಾಡಿದರೆ ಹೊಸ ಟಿಕೆಟ್ ಹುಟ್ಟುತ್ತದೆ, ಹೊಸಬರೊಬ್ಬರು ತೆಗೆಯುತ್ತಾರೆ, ಹಳೆಯದನ್ನು ‘ಡೂಪ್ಲಿಕೇಟ್’ ಎಂದು ಮುಚ್ಚುತ್ತಾರೆ. ಕೂಪನ್ ಕಳಿಸಿದ ಮೂರನೆಯವರಿಗೆ ಮೊದಲಿನ ಎರಡರ ವಿಷಯ ಗೊತ್ತೇ ಇಲ್ಲದಿರಬಹುದು. ಪಾಪ, ಅವರಿಗೆ ತಮ್ಮ ಮಟ್ಟದಲ್ಲಿ ಇರುವ ಅಧಿಕಾರ ಅಷ್ಟೇ: ಒಂದು ಮಿತಿಯೊಳಗೆ ಕೂಪನ್ ಕೊಡುವುದು, ಇಲ್ಲವೇ ಮೇಲಿನವರಿಗೆ ಕಳಿಸುವುದು. ಬಿಲ್ಲಿನ ಒಂದು ಸಾಲನ್ನು ತಿರುಗಿಸಲು ಸಾಮಾನ್ಯವಾಗಿ ಅವರ ಮೇಲಿನವರು ಬೇಕು. ಮೇಲಿನವರಿಗೆ ಕಳಿಸಬೇಕಾದರೆ ಅವರಿಗೆ ಒಂದು ಮೊತ್ತ ಮತ್ತು ಒಂದು ಕಾರಣ ಬೇಕು. ಪತ್ರದಲ್ಲಿ ಅವೆರಡೂ ಮೊದಲ ನಾಲ್ಕು ಸಾಲಿನೊಳಗೆ ಸಿಕ್ಕರೆ ಅವರು ಅದನ್ನೇ ನಕಲು ಮಾಡಿ ಅಂಟಿಸುತ್ತಾರೆ. ಸಿಗದಿದ್ದರೆ ಕೂಪನ್ ಒತ್ತುತ್ತಾರೆ. ಊಟದ ಹೊತ್ತಿಗೆ ಮುಂಚೆ ಇನ್ನೂ ಮೂವತ್ತು ಮೇಲ್ ಮುಗಿಸಬೇಕಾದವರು ಇನ್ನೇನು ಮಾಡುತ್ತಾರೆ ಹೇಳಿ.

ಕೂಪನ್‌ಗೆ ಸದ್ಯ ಕೈ ಹಾಕಬೇಡಿ. ಬಂದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ, ಅದು ತಪ್ಪು ತಿಳುವಳಿಕೆ. ಆದರೆ ಬಳಸಿದರೆ ‘ಗ್ರಾಹಕರು ಪರಿಹಾರ ಒಪ್ಪಿದ್ದಾರೆ’ ಎಂದು ಅವರು ವಾದಿಸಲು ಒಂದು ಎಳೆ ಸಿಗುತ್ತದೆ. ‘ಸಮಸ್ಯೆ ಬಗೆಹರಿಯಿತೇ?’ ಎಂದು ಬರುವ ಸಂದೇಶಕ್ಕೆ ಹೌದು ಒತ್ತಿದರೂ ಅಷ್ಟೇ. ಇಷ್ಟಕ್ಕೂ ನಿಮ್ಮ ಕೂಪನ್ನಿನ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ನೋಡಿದಿರಾ? 599ರ ಮೇಲಿನ ಆರ್ಡರ್‌ಗೆ ಮಾತ್ರ, 15 ದಿನದೊಳಗೆ. ನಿಮ್ಮ 57 ರೂಪಾಯಿಗೆ ಬದಲಾಗಿ ನೀವು ಮತ್ತೆ ಆರುನೂರು ಖರ್ಚು ಮಾಡಬೇಕು.

ಈಗ ಪತ್ರ. ಮೂರನೇ ಮೇಲ್‌ಗೆ ಬಂದ ಉತ್ತರಕ್ಕೇ ಇದನ್ನು ಉತ್ತರವಾಗಿ ಕಳಿಸಿ. ಮೊದಲಿನ ಎರಡು ಟಿಕೆಟ್ ಸಂಖ್ಯೆಗಳನ್ನೂ ಹಾಕಿ.

> ವಿಷಯ: ಆರ್ಡರ್ ಸಂಖ್ಯೆ ______: ತಪ್ಪಾಗಿ ಹಿಡಿದ ಡೆಲಿವರಿ ಶುಲ್ಕ ₹57.82 ವಾಪಸ್ ಕೊಡುವ ಬಗ್ಗೆ
>
> ನಮಸ್ಕಾರ,
>
> ಈ ಆರ್ಡರ್‌ಗೆ ನಾನು ______ ರಂದು ಯುಪಿಐ ಮೂಲಕ ₹612 ಕಟ್ಟಿದ್ದೇನೆ. ಕಟ್ಟುವಾಗ ಡೆಲಿವರಿ ಶುಲ್ಕ ಸೊನ್ನೆ ಎಂದು ತೋರಿಸಿತ್ತು.
>
> ₹168ರ ತೊಗರಿಬೇಳೆ ನಿಮ್ಮಲ್ಲಿ ಸ್ಟಾಕ್ ಇಲ್ಲದ್ದರಿಂದ ಬಂದಿಲ್ಲ. ಅದನ್ನು ನಾನು ರದ್ದು ಮಾಡಿಲ್ಲ. ಇದಕ್ಕೆ ₹168 ವಾಪಸ್ ಬರಬೇಕಿತ್ತು, ಬಂದಿದ್ದು ₹110.18. ಉಳಿದ ₹57.82 ಅನ್ನು ಡೆಲಿವರಿ ಶುಲ್ಕ (₹49) ಮತ್ತು ಅದರ ಮೇಲಿನ ಜಿಎಸ್‌ಟಿ (₹8.82) ಎಂದು ಅಂತಿಮ ಬಿಲ್ಲಿನಲ್ಲಿ ಹಿಡಿದಿದ್ದೀರಿ. ಈ ಶುಲ್ಕಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ.
>
> ಸಾಮಾನು ತಲುಪಿದ್ದು ಸಂಜೆ 6ರಿಂದ 8ರ ಸ್ಲಾಟ್‌ನಲ್ಲಿ ಅಲ್ಲ, ರಾತ್ರಿ 9.35ಕ್ಕೆ. ನಿಮ್ಮ ದಾಖಲೆಯಲ್ಲಿ ಬೇರೆ ಸಮಯ ಇದ್ದರೆ, ಡೆಲಿವರಿ ಮಾಡಿದವರು ನನಗೆ ಮಾಡಿದ ಕರೆಯ ಸಮಯವನ್ನು ಜೊತೆಗಿರುವ ಚಿತ್ರದಲ್ಲಿ ನೋಡಿ.
>
> ದಯವಿಟ್ಟು ₹57.82 ಅನ್ನು ನಾನು ಕಟ್ಟಿದ ಯುಪಿಐ ಖಾತೆಗೇ ವಾಪಸ್ ಮಾಡಿ. ನೀವು ಕಳಿಸಿದ ಕೂಪನ್ ಬಳಸಿಲ್ಲ, ಅದನ್ನು ಹಿಂದಕ್ಕೆ ಪಡೆಯಬಹುದು. ಇದು ನಿಮ್ಮ ಹಂತದಲ್ಲಿ ಆಗದಿದ್ದರೆ ಕುಂದುಕೊರತೆ ಅಧಿಕಾರಿಗೆ ಕಳಿಸಿ, ಟಿಕೆಟ್ ಸಂಖ್ಯೆ ತಿಳಿಸಿ.
>
> ಹಿಂದಿನ ಟಿಕೆಟ್‌ಗಳು: ______, ______
> ಜೊತೆಗೆ: ಕಟ್ಟುವಾಗಿನ ಬಿಲ್, ಅಂತಿಮ ಬಿಲ್, ಯುಪಿಐ ವಾಪಸಾತಿಯ ಚಿತ್ರ, ಕರೆ ಪಟ್ಟಿಯ ಚಿತ್ರ
>
> ಇಂತಿ,
> (ಹೆಸರು, ಆ್ಯಪ್‌ನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ)

ನೋಡಿ, ಇದರಲ್ಲಿ ನೆಂಟರೂ ಇಲ್ಲ, ಮೊಟ್ಟೆಯೂ ಇಲ್ಲ. ಮೊಟ್ಟೆಗೆ ಬೇರೆ ಪತ್ರ ಬರೆಯಿರಿ. ತಡವಾದ ಮಾತನ್ನು ಒಂದೇ ಪ್ಯಾರಾದಲ್ಲಿ ಮುಗಿಸಿದ್ದೇನೆ, ಅದೂ ಹಣದ ಲೆಕ್ಕ ಆದ ಮೇಲೆ. ಶುಲ್ಕ ಯಾಕೆ ತಪ್ಪು ಅನ್ನುವುದಕ್ಕೆ ಅದು ಆಧಾರವಲ್ಲ. ಆದರೆ ಎರಡನೇ ಹಂತದವರು ಓದುವಾಗ, ಸ್ಲಾಟೂ ತಪ್ಪಿದೆ, ಸಾಮಾನೂ ಇಲ್ಲ, ಮೇಲೆ ಶುಲ್ಕ ಬೇರೆ ಅಂತ ಕಂಡರೆ ಕೈ ಬೇಗ ಓಡುತ್ತದೆ. ಕಾನೂನಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮೊದಲ ಪತ್ರದಲ್ಲೇ ‘ಕೋರ್ಟಿಗೆ ಎಳೆಯುತ್ತೇನೆ’ ಎಂದು ಬರೆದರೆ ಕೆಲವು ಕಡೆ ಅದನ್ನು ಕಾನೂನು ವಿಭಾಗದ ಖಾನೆಗೆ ಸರಿಸಿಬಿಡುತ್ತಾರೆ. ಅಲ್ಲಿ ಐವತ್ತೇಳು ರೂಪಾಯಿಗೆ ಯಾರೂ ಆತುರಪಡುವುದಿಲ್ಲ.

ಕಟ್ಟುವಾಗಿನ ಪರದೆಯ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರ ಇಲ್ಲ ಅಂತ ಬರೆದಿದ್ದೀರಿ. ಪರವಾಗಿಲ್ಲ. ಆರ್ಡರ್ ಹಾಕಿದ ಕೂಡಲೇ ಬಂದ ಮೇಲ್ ಅಥವಾ ಸಂದೇಶ ಹುಡುಕಿ. ಅದರಲ್ಲಿ ಮೊದಲ ಲೆಕ್ಕ ಇರುತ್ತದೆ. ಆ್ಯಪ್‌ನ ಒಳಗಿನ ಬಿಲ್ ಆಮೇಲೆ ಬದಲಾಗುತ್ತದೆ, ಮೇಲ್‌ಗೆ ಬಂದದ್ದು ಬದಲಾಗುವುದಿಲ್ಲ. ಅದೂ ಇಲ್ಲದಿದ್ದರೆ ಬ್ಯಾಂಕಿನಿಂದ ಹೋದ 612 ಅನ್ನುವ ಅಂಕಿಯೇ ಸಾಕ್ಷಿ. ಐಟಂಗಳನ್ನು ಕೂಡಿದರೂ 612 ಬಂದರೆ, ಶುಲ್ಕ ಸೊನ್ನೆ ಇತ್ತು ಅನ್ನುವುದು ತಾನೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಬರೆಯಬಹುದಾ ಅಂತ ಹಲವರು ಕೇಳುತ್ತಾರೆ. ಆ್ಯಪ್ ಕನ್ನಡದಲ್ಲಿ ಸಹಾಯ ಕೊಡುತ್ತೇವೆ ಎಂದಿದ್ದರೆ ಧಾರಾಳವಾಗಿ ಬರೆಯಿರಿ. ಇಲ್ಲದಿದ್ದರೆ ಪತ್ರ ಇನ್ನೆಲ್ಲೋ ಕೂತವರ ಕೈಗೆ ಹೋಗಿ, ಅರ್ಧಂಬರ್ಧ ಅನುವಾದವಾಗಿ ‘ತಡ’ದ ಖಾನೆಗೆ ಮತ್ತೆ ಬೀಳುವ ಅಪಾಯ ಇದೆ. ಅಂಥ ಕಡೆ ಕನ್ನಡದ ಪತ್ರದ ಮೇಲೆ ಆರ್ಡರ್ ಸಂಖ್ಯೆ, ಮೊತ್ತ, ಕಾರಣ ಇಷ್ಟನ್ನು ಎರಡು ಸಾಲು ಇಂಗ್ಲಿಷಿನಲ್ಲಿ ಹಾಕುವುದು ಒಳ್ಳೆಯದು. ನನಗೂ ಇದು ಇಷ್ಟವಾಗುವ ಸಲಹೆ ಅಲ್ಲ, ಆದರೆ ದುಡ್ಡು ಬರಬೇಕಲ್ಲ.

ಪತ್ರ ಕಳಿಸಿದ ಮೇಲೆ ಎಷ್ಟು ದಿನ ಕಾಯಬೇಕು? ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ‘ಬಂದಿದೆ’ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದು 2020ರ ನಿಯಮಗಳಲ್ಲೇ ಇದೆ. ಆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರ ಆ್ಯಪ್‌ನಲ್ಲಿ ಇರಲೇಬೇಕು. ಕೆಳಗೆ ತುಂಬ ಜರುಗಿಸಿದರೆ, ಷರತ್ತುಗಳ ಪುಟದ ಕೊನೆಯಲ್ಲಿ ಸಿಗುತ್ತದೆ. ಈ ಪತ್ರಕ್ಕೆ ಒಂದು ವಾರದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಇದನ್ನೇ ಆ ವಿಳಾಸಕ್ಕೆ ಕಳಿಸಿ. ಆಗ ಒಂದು ಸಾಲು ಸೇರಿಸಿ: ‘ಕಟ್ಟುವಾಗ ತೋರಿಸಿದ್ದಕ್ಕಿಂತ ಹೆಚ್ಚು ಹಣ ಹಿಡಿದಿರುವುದು 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗೆ ವಿರುದ್ಧವಾಗಿದೆ.’ ಕಾನೂನಿನ ಮಾತು ಆಡಲು ಇದು ಸರಿಯಾದ ಜಾಗ, ಯಾಕೆಂದರೆ ಇಲ್ಲಿ ಓದುವವರಿಗೆ ಅದರ ಅರ್ಥ ಗೊತ್ತಿರುತ್ತದೆ.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. consumerhelpline.gov.in ತಾಣದಲ್ಲೂ ದೂರು ಹಾಕಬಹುದು. ಇದು ಕೋರ್ಟ್ ಅಲ್ಲ, ಆದೇಶ ಹೊರಡಿಸುವ ಅಧಿಕಾರ ಇದಕ್ಕಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ, ಅಷ್ಟೇ. ಆದರೆ ಆ ಬಾಗಿಲಿನಿಂದ ಬಂದ ದೂರನ್ನು ನಮ್ಮಲ್ಲಿ ಬೇರೆಯೇ ಗುಂಪು ನೋಡುತ್ತಿತ್ತು. ಸಣ್ಣ ಮೊತ್ತಗಳನ್ನು ವಾದ ಮಾಡದೆ ಕೊಟ್ಟು ಮುಗಿಸುತ್ತಿದ್ದರು.

ಕೋರ್ಟಿನ ವಿಷಯ. ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದ ಒಳಗೆ ಹಾಕಿದರೆ ಸಾಕು. ಆದರೆ ಬರೀ 57.82ಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ. ಆನ್‌ಲೈನ್ ದಾಖಲು ಇದ್ದರೂ ದಾಖಲೆ ಜೋಡಿಸುವುದು, ತಾರೀಖು ಕಾಯುವುದು ತಪ್ಪುವುದಿಲ್ಲ. ‘ಒಂದು ಲಕ್ಷ ಪರಿಹಾರ ಸಿಕ್ಕಿತಂತೆ’ ಎಂಬ ಸುದ್ದಿಗಳನ್ನು ನಂಬಿ ಹೋಗಬೇಡಿ. ಇದೇ ಆ್ಯಪ್ ನಿಮ್ಮ ಐದಾರು ಆರ್ಡರ್‌ಗಳಲ್ಲಿ ಹೀಗೆ ಮಾಡಿದೆ ಎಂದು ಹಳೆಯ ಬಿಲ್‌ಗಳಿಂದ ಕಂಡರೆ ಆಗ ಯೋಚಿಸಿ. ನಿಜವಾಗಿಯೂ ಒಮ್ಮೆ ಹಿಂದಿನ ಬಿಲ್‌ಗಳನ್ನು ತೆಗೆದು ನೋಡಿ, ಒಂದು ಐಟಂ ಬಾರದೆ ಹೋದ ದಿನಗಳದ್ದು ಮಾತ್ರ ಸಾಕು.

ಬ್ಯಾಂಕಿಗೆ ಅಥವಾ ಯುಪಿಐ ಆ್ಯಪ್‌ಗೆ ‘ಈ ಪಾವತಿ ಬಗ್ಗೆ ತಕರಾರು’ ಎಂದು ಹಾಕುವ ದಾರಿಯೂ ಇದೆ. ಅದನ್ನು ನಾನು ಬೇಡ ಅನ್ನುತ್ತೇನೆ. ಪಾವತಿ ಸರಿಯಾಗಿಯೇ ಆಗಿದೆ, ತಪ್ಪಾಗಿರುವುದು ವಾಪಸಾತಿಯ ಲೆಕ್ಕ. ಬ್ಯಾಂಕಿನವರಿಗೆ ಇದನ್ನು ವಿವರಿಸುವುದೇ ಒಂದು ಕೆಲಸ. ಜೊತೆಗೆ, ತಕರಾರು ಹಾಕಿದ ಗ್ರಾಹಕರ ಖಾತೆಯನ್ನು ಕೆಲವು ಕಂಪನಿಗಳು ತಡೆಹಿಡಿಯುತ್ತವೆ. ಅದರಲ್ಲಿ ಬೇರೆ ಬಾಕಿ ಹಣ ಇದ್ದರೆ ಅದೂ ಸಿಕ್ಕಿಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಇಂಥ ಹೊತ್ತಿನಲ್ಲೇ ಜನ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವುದು. ಅಲ್ಲಿ ಮೋಸಗಾರರು ಹಾಕಿಟ್ಟ ನಂಬರುಗಳು ಇರುತ್ತವೆ. ಸಾಮಾಜಿಕ ಜಾಲತಾಣದಲ್ಲಿ ಸಿಟ್ಟಿನಿಂದ ಬರೆದರೆ ಐದೇ ನಿಮಿಷದಲ್ಲಿ ‘ನಿಮ್ಮ ನಂಬರ್ ಕೊಡಿ, ನಾವು ಸಹಾಯ ಮಾಡುತ್ತೇವೆ’ ಎಂದು ಕಂಪನಿಯ ಚಿಹ್ನೆ ಹಾಕಿಕೊಂಡ ಖಾತೆಯೊಂದು ಬರುತ್ತದೆ. ನಂಬರ್ ಆ್ಯಪ್‌ನ ಒಳಗಿನಿಂದಲೇ ತೆಗೆದುಕೊಳ್ಳಿ. ದುಡ್ಡು ನಿಮಗೆ ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದಿಲ್ಲ. ಯಾರಾದರೂ ಪಿನ್ ಒತ್ತಿ, ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು, ದುಡ್ಡು ಬಂದಿದೆ ಎಂಬ ಮೇಲ್ ಬಂದಾಗ ಎರಡು ಕಡೆ ಕಣ್ಣು ಹಾಯಿಸಿ. ಮೊದಲನೆಯದು, ಬಂದಿದ್ದು ಯುಪಿಐ ಖಾತೆಗೋ ಅಥವಾ ಆ್ಯಪ್‌ನ ವ್ಯಾಲೆಟ್‌ಗೋ. ವ್ಯಾಲೆಟ್‌ಗೆ ಹಾಕಿ ‘ಮುಗಿಯಿತು’ ಅನ್ನುವುದು ಹಳೆಯ ರೂಢಿ, ಕೆಲವಕ್ಕೆ ಅವಧಿಯೂ ಇರುತ್ತದೆ. ‘ಕಳಿಸಿದ್ದೇವೆ’ ಎಂದು ಹೇಳಿಯೂ ಬ್ಯಾಂಕಿನಲ್ಲಿ ಕಾಣದಿದ್ದರೆ, ಆ ವಾಪಸಾತಿಯ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಕೇಳಿ. ಅದನ್ನು ಕೊಟ್ಟರೆ ನಿಮ್ಮ ಬ್ಯಾಂಕಿನವರು ಹುಡುಕಿ ಹೇಳುತ್ತಾರೆ. ಕೊಡದೆ ಸುಮ್ನೆ ‘5ರಿಂದ 7 ದಿನ ಕಾಯಿರಿ’ ಎಂದರೆ ಇನ್ನೂ ಕಳಿಸಿಲ್ಲ ಅಂತಲೇ ತಿಳಿಯಿರಿ.

ಎರಡನೆಯದು ಮೊತ್ತ. ಶುಲ್ಕ ತಿರುಗಿಸುವವರು 49 ಎಂದು ಬರೆದು ಕಳಿಸಿ, ತೆರಿಗೆಯ ಸಾಲನ್ನು ಮರೆತುಬಿಡುವುದು ತುಂಬ ಸಲ ಆಗುತ್ತದೆ. ಹಾಗಾದರೆ ಹೊಸ ಪತ್ರ ಬೇಡ. ಅದೇ ಮೇಲ್‌ಗೆ ಒಂದು ಸಾಲು ಸಾಕು: ‘₹49 ಬಂದಿದೆ, ಅದರ ಮೇಲೆ ಹಿಡಿದ ಜಿಎಸ್‌ಟಿ ₹8.82 ಬಾಕಿ ಇದೆ.’